ಹಸಿ ಹೊಗೆಸೊಪ್ಪು ಮತ್ತು ಬಸುರಿ-ಬಾಣಂತಿಯರ ದುಡಿಮೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಹೊಗೆಸೊಪ್ಪಿನ ಕೊಯ್ಲು ಮಳೆಗಾಲದಲ್ಲಿಯೇ ನಡೆಯುವುದರಿಂದ ಎಲೆ ಹಲವು ಸಲ ನೆನೆದಿರುತ್ತದೆ. ಅದನ್ನು ಮುರಿದು, ಮೈಗೊತ್ತಿ ಹೊತ್ತು, ಬೇಯಿಸಲು ಕಡ್ಡಿಗೆ ಕಟ್ಟುವಾಗ ನೀರಿನಲ್ಲಿ ಕರಗಿದ ನಿಕೋಟಿನ್ ಚರ್ಮದ ಮೂಲಕ ರಕ್ತವನ್ನು ಸೇರುತ್ತದೆ. ವಾಕರಿಕೆ, ವಾಂತಿ, ತಲೆಸುತ್ತು ಇದರ ಲಕ್ಷಣಗಳು. ಅಮೆರಿಕದ ಫ್ಲಾರಿಡಾದ ಕೊಯ್ಲುಗಾರರಲ್ಲಿ ಕಂಡ ಈ ಬೇನೆಯನ್ನು ವೈದ್ಯರು 1970ರಲ್ಲಿ ಮೊದಲು ದಾಖಲಿಸಿದರು.

ಬಸುರಿಯಲ್ಲಿ ಇದು ಬಯಕೆಯ ಸಂಕಟವೆಂದೇ ಎಣಿಕೆಯಾಗುವ ಅಪಾಯವಿದೆ. ಇವೆರಡನ್ನು ಬೇರ್ಪಡಿಸುವ ಸುಳಿವು ಕಾಲಕ್ರಮದಲ್ಲಿದೆ. ಮೂರು ತಿಂಗಳ ಬಸುರಿಯೊಬ್ಬಳು ಬೆಳಿಗ್ಗೆ ಒದ್ದೆ ಸೊಪ್ಪು ಮುರಿದು ಸಂಜೆಗೆ ವಾಂತಿಮಾಡಿಕೊಂಡು, ಕೆಲಸ ಬಿಟ್ಟ ಒಂದೆರಡು ದಿನಗಳಲ್ಲಿ ಚೇತರಿಸಿಕೊಂಡು, ಮತ್ತೆ ಹೊಲಕ್ಕಿಳಿದಾಗ ಅದೇ ಮರುಕಳಿಸಿದರೆ ಸೊಪ್ಪಿನ ನಂಜನ್ನು ಶಂಕಿಸಬೇಕಾಗುತ್ತದೆ. ನಿಕೋಟಿನ್ ಗರ್ಭದ ಶಿಶುವನ್ನೂ ಎದೆಹಾಲನ್ನೂ ತಲುಪುತ್ತದೆ.

ಆದ್ದರಿಂದ ಬಸುರಿ-ಬಾಣಂತಿಯರನ್ನು ಹಸಿ ಸೊಪ್ಪಿನ ಕೆಲಸದಿಂದಲೇ ಬಿಡಿಸುವುದು ಮೊದಲ ಕ್ರಮ. ಎಲೆ ಒಣಗುವವರೆಗೆ ಕಾಯುವುದು, ಕೈಗವಸು, ನೆನೆದ ಬಟ್ಟೆಯ ಬದಲಾವಣೆ, ಹಾಲೂಡುವ ಮುನ್ನ ಸೋಪಿನ ಸ್ನಾನ ಇವು ನಂಜನ್ನು ತಗ್ಗಿಸುತ್ತವೆಯೇ ಹೊರತು ನಿವಾರಿಸುವುದಿಲ್ಲ. ಬೇಯಿಸಿದ ಸೊಪ್ಪಿನ ವಿಂಗಡಣೆಗೆ ಕಳುಹಿಸಿದರೂ ಧೂಳು ತಪ್ಪದು. ಬ್ಯಾರನ್ನಿನ ಬಳಿ ಬಿಸಿಲಿಗಿಂತ ಮಿಗಿಲಾದ ಕಾವು.

1961ರ ಹೆರಿಗೆ ಸೌಲಭ್ಯ ಕಾಯ್ದೆಯು ಕಾರ್ಖಾನೆ, ಗಣಿ, ತೋಟಗಳನ್ನು ಉದ್ದೇಶಿಸಿತ್ತು. ಸಣ್ಣ ಹಿಡುವಳಿಯ ದಿನಗೂಲಿಯಾಳು ಅದರ ಹೊರಗುಳಿದಳು. ಕೆಲಸ ಬದಲಿಸಿದ ದಿನವೂ ಪೂರ್ಣ ಕೂಲಿ ದೊರೆಯದಿದ್ದಲ್ಲಿ ಆಕೆ ಒದ್ದೆ ಸೊಪ್ಪಿಗೇ ಮರಳುವುದು ಅನಿವಾರ್ಯ.