ಕಾವಲು ಪಾಳಿಪಟ್ಟಿ, ಕಲಂಗುಟ್

ಉತ್ತರ ಗೋವಾದ ಬಾರ್ದೇಶ್ ತಾಲ್ಲೂಕಿನ ಕಡಲತೀರದ ಊರಾದ ಕಲಂಗುಟ್‌ನಲ್ಲಿ ಹೋಟೆಲು, ರೆಸಾರ್ಟು, ವಸತಿ ಸಮುಚ್ಚಯಗಳ ಕಾವಲುಗಾರರನ್ನು ಹನ್ನೆರಡು ಗಂಟೆಯ ಹಗಲು ಮತ್ತು ರಾತ್ರಿ ಪಾಳಿಗಳಿಗೆ ಹಂಚುವ ಪಟ್ಟಿ. ವಾರದ ರಜೆ ಎಲ್ಲರಿಗೂ ಸಮನಾಗಿ ಸಿಗಬೇಕು, ಯಾರ ಪಾಲಿಗೂ ಸಾಲುಸಾಲಾಗಿ ಹೆಚ್ಚು ರಾತ್ರಿಗಳು ಬೀಳಬಾರದು ಎಂಬ ಎರಡು ಷರತ್ತುಗಳಿಂದ ಪಟ್ಟಿಯ ಗುಣವನ್ನು ಅಳೆಯಬಹುದು. ಇಲ್ಲಿನ ವಿವರಣೆಗೆ ಮೂರು ಪಾಯಿಂಟುಗಳಿರುವ ಹೋಟೆಲೊಂದನ್ನು ಮಾದರಿಯಾಗಿ ತೆಗೆದುಕೊಂಡಿದೆ: ರಸ್ತೆ ಕಡೆಯ ಗೇಟು, ಪಾರ್ಕಿಂಗು, ಸಮುದ್ರದ ಕಡೆಯ ಗೇಟು.

ಹಿನ್ನೆಲೆ

ಭಾರತದಲ್ಲಿ ವಾರದ ರಜೆಯ ಹಕ್ಕು ಮೊದಲು ಗಟ್ಟಿಯಾದದ್ದು ಮುಂಬಯಿಯ ಗಿರಣಿಗಳಲ್ಲಿ. ನಾರಾಯಣ ಮೇಘಾಜಿ ಲೋಖಂಡೆಯವರ ನೇತೃತ್ವದ ಹೋರಾಟದಿಂದ 1890ರ ಜೂನ್‌ನಲ್ಲಿ ಅಲ್ಲಿನ ಕಾರ್ಮಿಕರಿಗೆ ಭಾನುವಾರದ ಬಿಡುವು ದೊರೆಯಿತು. ಆಗ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವಾ ಭಾರತಕ್ಕೆ ಸೇರಿದ್ದು 1961ರ ಡಿಸೆಂಬರ್‌ನಲ್ಲಿ. ಗೋವಾ, ದಮನ್ ಮತ್ತು ದಿಯುಗಳ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಬಂದದ್ದು 1973ರಲ್ಲಿ. ಖಾಸಗಿ ಭದ್ರತಾ ಏಜೆನ್ಸಿಗಳಿಗೆ ಪರವಾನಗಿಯನ್ನೂ ಕಾವಲುಗಾರರಿಗೆ ತರಬೇತಿಯನ್ನೂ ಕಡ್ಡಾಯ ಮಾಡಿದ ಕೇಂದ್ರ ಕಾಯ್ದೆ 2005ರದು.

ಕೆಲಸದ ಅವಧಿಯ ಮಟ್ಟಿಗೆ ಈಗ ಮುಖ್ಯವಾದದ್ದು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಸ್ಥಿತಿಗತಿಗಳ ಸಂಹಿತೆ. ಅದರ ಪ್ರಕಾರ ದಿನಕ್ಕೆ 8 ಗಂಟೆ, ವಾರಕ್ಕೆ 6 ದಿನ ಮಿತಿ. ಅದಕ್ಕೂ ಮೀರಿದ ದುಡಿಮೆಗೆ ಕಾರ್ಮಿಕನ ಒಪ್ಪಿಗೆ ಬೇಕು, ಕೂಲಿ ಎರಡು ಪಟ್ಟು ಕೊಡಬೇಕು. ಹನ್ನೆರಡು ಗಂಟೆಯ ಆರು ಡ್ಯೂಟಿ ಎಂದರೆ 72 ಗಂಟೆ. ಅದರಲ್ಲಿ 48 ಮಾಮೂಲಿ, ಉಳಿದ 24 ಹೆಚ್ಚುವರಿ. ದುಪ್ಪಟ್ಟು ಲೆಕ್ಕದಲ್ಲಿ ಅವನಿಗೆ ಬರಬೇಕಾದದ್ದು 96 ಗಂಟೆಯ ಸಂಬಳ. ಹನ್ನೆರಡು ಗಂಟೆಯನ್ನೇ ಒಂದು ಡ್ಯೂಟಿ ಎಂದು ಎಣಿಸಿ ಒಂದೇ ದರ ಕೊಡುವ ರೂಢಿ ಈ ಲೆಕ್ಕವನ್ನು ಮುಚ್ಚಿಹಾಕುತ್ತದೆ. ಪಾಳಿಪಟ್ಟಿ ಎಷ್ಟೇ ನ್ಯಾಯವಾಗಿದ್ದರೂ ಈ ಕೊರತೆಯನ್ನು ಅದು ತುಂಬಲಾರದು.

ರಿಲೀವರ್ ಇಲ್ಲದ ಪಟ್ಟಿ

ಒಂದು ಪಾಯಿಂಟಿಗೆ ದಿನಕ್ಕೆ ಎರಡರಂತೆ ವಾರಕ್ಕೆ 14 ಡ್ಯೂಟಿ. ಮೂರು ಪಾಯಿಂಟಿಗೆ 42. ಪಾಯಿಂಟಿಗೆ ಇಬ್ಬರಂತೆ ಆರು ಜನರನ್ನಷ್ಟೇ ಇಟ್ಟರೆ ತಲೆಗೆ ಏಳು ಡ್ಯೂಟಿ ಬರುತ್ತದೆ, ಅಂದರೆ ರಜೆಗೆ ಜಾಗವೇ ಇಲ್ಲ. ಹೀಗಾಗಿ ಒಬ್ಬ ರಜೆ ಹಾಕಿದ ದಿನ ಅವನ ಜೋಡಿಯವನು ಇಪ್ಪತ್ನಾಲ್ಕು ಗಂಟೆ ನಿಲ್ಲುತ್ತಾನೆ. ಇದಕ್ಕೆ ಡಬಲ್ ಡ್ಯೂಟಿ ಎನ್ನುತ್ತಾರೆ. ಇಂಥ ಕಡೆ ಪಾಳಿ ಬದಲಾಗುವುದೂ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ. ಅಲ್ಲಿಯವರೆಗೆ ಒಬ್ಬನಿಗೇ ರಾತ್ರಿ.

ಇದನ್ನು ಹಾಜರಿ ಪುಸ್ತಕದಲ್ಲೇ ಗುರುತಿಸಬಹುದು. ಒಂದೇ ಹೆಸರು ಹಗಲು, ರಾತ್ರಿ ಎರಡೂ ಕಾಲಮಿನಲ್ಲಿ ಕಂಡರೆ, ತಿಂಗಳಿಗೆ ಯಾರ ಖಾತೆಯಲ್ಲಾದರೂ 27ಕ್ಕಿಂತ ಹೆಚ್ಚು ಡ್ಯೂಟಿ ಇದ್ದರೆ ಅಲ್ಲಿ ರಿಲೀವರ್ ಇಲ್ಲ ಎಂದೇ ಅರ್ಥ. ರಜೆಗೆ ಸಂಬಳ ಸೇರದ ಕಡೆ ಕಾವಲುಗಾರರೇ ರಜೆ ಬೇಡವೆನ್ನುವುದುಂಟು. ಅದನ್ನು ಅವರ ಇಷ್ಟವೆಂದು ಬರೆದುಕೊಳ್ಳುವುದು ಸರಿಯಲ್ಲ.

ಏಳು ಜನರ ಚಕ್ರ

42 ಡ್ಯೂಟಿಯನ್ನು ಆರಾರಂತೆ ಹಂಚಿದರೆ ಸರಿಯಾಗಿ ಏಳು ಜನ ಬೇಕು. ಪ್ರತಿಯೊಬ್ಬನ ವಾರವೂ ಒಂದೇ ಕ್ರಮದಲ್ಲಿ ಸಾಗುತ್ತದೆ: ಮೂರು ಹಗಲು, ಮೂರು ರಾತ್ರಿ, ಒಂದು ರಜೆ. ಒಬ್ಬ ಸೋಮವಾರ ಮೊದಲ ಹಗಲಿಗೆ ಇಳಿದರೆ ಇನ್ನೊಬ್ಬ ಮಂಗಳವಾರ, ಮತ್ತೊಬ್ಬ ಬುಧವಾರ. ಹೀಗೆ ಏಳೂ ಜನ ಒಂದೊಂದು ದಿನ ಹಿಂದೆಮುಂದೆ ನಿಂತರೆ ಯಾವ ದಿನ ಎಣಿಸಿದರೂ ಹಗಲಿಗೆ ಮೂವರು, ರಾತ್ರಿಗೆ ಮೂವರು, ರಜೆಯಲ್ಲಿ ಒಬ್ಬ. ಯಾರಿಗೂ ಮೂರಕ್ಕಿಂತ ಹೆಚ್ಚು ರಾತ್ರಿ ಒಟ್ಟಿಗೆ ಬರುವುದಿಲ್ಲ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ 2006ರಲ್ಲಿ ಹೊರತಂದ ಪಾಳಿ ಕೈಪಿಡಿಯೂ ದೀರ್ಘ ಪಾಳಿಗಳನ್ನೂ ರಾತ್ರಿ ಪಾಳಿಗಳನ್ನೂ ಎರಡು ಮೂರಕ್ಕೆ ನಿಲ್ಲಿಸುವುದು ಒಳ್ಳೆಯದೆನ್ನುತ್ತದೆ. ಹಗಲು ನಿದ್ದೆ ಇರುಳಿನ ನಿದ್ದೆಗಿಂತ ಚಿಕ್ಕದು. ಪ್ರತಿ ರಾತ್ರಿಯ ಬಾಕಿ ಮುಂದಿನ ರಾತ್ರಿಗೆ ಸೇರುತ್ತದೆ, ಅದು ಬೆಳಗಿನ ಜಾವ ಮೂರರಿಂದ ಐದರ ನಡುವೆ ತೂಕಡಿಕೆಯಾಗಿ ಕಾಣಿಸಿಕೊಳ್ಳುತ್ತದೆ.

ಕಾಗದದ ಮೇಲೆ ಅಚ್ಚುಕಟ್ಟಾಗಿರುವ ಈ ಚಕ್ರದಲ್ಲಿ ಸುಲಭಕ್ಕೆ ಕಣ್ಣಿಗೆ ಬೀಳದ ಒಂದು ಕೊರತೆಯಿದೆ. ಪಾಳಿ ಬದಲಾಗುವುದು ಎಂಟಕ್ಕೆ ಎಂದಿಟ್ಟುಕೊಳ್ಳೋಣ. ಬುಧವಾರ ಸಂಜೆ ಎಂಟಕ್ಕೆ ಹಗಲು ಮುಗಿಸಿದವನು ಗುರುವಾರ ಸಂಜೆ ಎಂಟಕ್ಕೆ ರಾತ್ರಿಗೆ ಬರುತ್ತಾನೆ: ನಡುವೆ 24 ಗಂಟೆ. ಶನಿವಾರದ ರಾತ್ರಿ ಮುಗಿಯುವುದು ಭಾನುವಾರ ಬೆಳಿಗ್ಗೆ ಎಂಟಕ್ಕೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಮತ್ತೆ ಹಗಲು. ಇಲ್ಲಿಯೂ 24 ಗಂಟೆಯೇ! ರಜೆ ಎಂದು ಬರೆದ ದಿನಕ್ಕೂ ಪಾಳಿ ಬದಲಾಗುವ ದಿನಕ್ಕೂ ವ್ಯತ್ಯಾಸವಿಲ್ಲ, ರಜೆಯ ಅರ್ಧ ಹೊತ್ತು ನಿದ್ದೆಗೇ ಹೋಗುತ್ತದೆ. ಮಾಪುಸಾದಿಂದ ಚೋರ್ಲಾ ಘಾಟಿನ ಮೇಲೆ ಬೆಳಗಾವಿಗೆ ಹೋಗಿ ಮನೆಯವರ ಮುಖ ನೋಡಿ ಬರಬೇಕೆನ್ನುವವನಿಗೆ ಇದು ಸಾಲದು. ರಜೆಯನ್ನು ಹಗಲಿನ ನಂತರಕ್ಕೆ ಸರಿಸಿದರೆ ಅದು 48 ಗಂಟೆಯಾಗುತ್ತದೆ. ಆದರೆ ಆಗ ಮೂರನೆಯ ರಾತ್ರಿ ಮುಗಿಸಿದ ಗಳಿಗೆಯಲ್ಲೇ ಹಗಲು ಶುರುವಾಗಬೇಕಾಗುತ್ತದೆ, ಅದು ಡಬಲ್ ಡ್ಯೂಟಿಯೇ. ವಾರಕ್ಕೆ 72 ಗಂಟೆ ದುಡಿಸುವವರೆಗೆ ಇದಕ್ಕೆ ಪರಿಹಾರವಿಲ್ಲ.

ಇನ್ನೊಂದು ತೊಡಕು, ಏಳು ದಿನದ ಚಕ್ರದಲ್ಲಿ ರಜೆಯ ವಾರ ಬದಲಾಗುವುದಿಲ್ಲ. ಭಾನುವಾರ ಪಡೆದವನಿಗೆ ಯಾವಾಗಲೂ ಭಾನುವಾರವೇ.

ಎಂಟನೆಯವನು

ಒಬ್ಬನನ್ನು ಹೆಚ್ಚಿಗೆ ಸೇರಿಸಿದರೆ ಎರಡೂ ತೊಡಕು ಒಟ್ಟಿಗೆ ಬಿಡಿಸಿಕೊಳ್ಳುತ್ತವೆ. ಚಕ್ರ ಎಂಟು ದಿನದ್ದಾಗುತ್ತದೆ: ಮೂರು ಹಗಲು, ಮೂರು ರಾತ್ರಿ, ಎರಡು ರಜೆ. ಭಾನುವಾರ ಬೆಳಿಗ್ಗೆ ಇಳಿದವನು ಮಂಗಳವಾರ ಬೆಳಿಗ್ಗೆ ಬಂದರೆ ಸಾಕು. ಎರಡು ಇರುಳಿನ ನಿದ್ದೆ ಸಿಗುತ್ತದೆ. ಚಕ್ರ ವಾರಕ್ಕಿಂತ ಒಂದು ದಿನ ಉದ್ದವಾದ್ದರಿಂದ ರಜೆ ತಾನಾಗಿಯೇ ಮುಂದಕ್ಕೆ ಸರಿಯುತ್ತದೆ, ಎಂಟು ವಾರದಲ್ಲಿ ಪ್ರತಿಯೊಬ್ಬನಿಗೂ ಎರಡು ಭಾನುವಾರ ಬರುತ್ತದೆ. ಯಾವ ಏಳು ದಿನ ತೆಗೆದುಕೊಂಡರೂ ಅದರಲ್ಲಿ ಒಂದಾದರೂ ರಜೆ ಇರುತ್ತದೆ. ಸರಾಸರಿ ದುಡಿಮೆ ವಾರಕ್ಕೆ 63 ಗಂಟೆ. ಇದೂ 48ರ ಮೇಲೆಯೇ. ಅದಕ್ಕೂ ಕೆಳಗಿಳಿಸಲು ಹನ್ನೆರಡು ಜನರನ್ನಿಟ್ಟರೆ, ಎರಡು ಹಗಲು, ಎರಡು ರಾತ್ರಿ, ನಾಲ್ಕು ರಜೆಯ ಕ್ರಮದಲ್ಲಿ ಸರಾಸರಿ 42 ಗಂಟೆ.

ಯಾರಾದರೂ ಗೈರಾದರೆ ಯಾರನ್ನು ಕರೆಯಬೇಕೆಂಬುದನ್ನೂ ಪಟ್ಟಿಯಲ್ಲೇ ಬರೆದಿಡಬೇಕು. ಹಗಲಿನವನು ಬರದಿದ್ದರೆ ಎರಡನೆಯ ರಜೆಯಲ್ಲಿರುವವನು ಸೂಕ್ತ, ಅವನು ಒಂದು ಇರುಳು ಮಲಗಿ ಎದ್ದಿರುತ್ತಾನೆ. ರಾತ್ರಿಗೆ ಅವನನ್ನು ಕರೆಯಬಾರದು, ಮರುದಿನ ಬೆಳಿಗ್ಗೆ ಎಂಟಕ್ಕೇ ಅವನ ಹಗಲು ಶುರು. ಅದಕ್ಕೆ ಮೊದಲ ರಜೆಯವನೇ ಬರಬೇಕಾಗುತ್ತದೆ. ಅದು ಅವನ ನಾಲ್ಕನೆಯ ರಾತ್ರಿ. ಹೀಗೆ ಹೋದ ರಜೆಯನ್ನು ಅದೇ ತಿಂಗಳಲ್ಲಿ ಹಿಂದಿರುಗಿಸಿ ತಾರೀಖು ಬರೆಯಬೇಕು.

ಕಲಂಗುಟ್‌ನ ವಿಶೇಷ

ಪ್ರವಾಸಿಗರ ಹಂಗಾಮು ಅಕ್ಟೋಬರಿನಿಂದ ಬೇಸಿಗೆಯವರೆಗೆ. ಮಳೆಗಾಲಕ್ಕೆ ಮುಂಚೆ ಮರಳಿನ ಮೇಲಿನ ಶ್ಯಾಕುಗಳನ್ನು ಬಿಚ್ಚುತ್ತಾರೆ, ಜನ ಕಡಿಮೆಯಾಗುತ್ತಾರೆ. ಆಗ ಮೊದಲು ಕಡಿತವಾಗುವುದು ಸಾಮಾನ್ಯವಾಗಿ ರಿಲೀವರ್ ಹುದ್ದೆ. ಪಾಯಿಂಟುಗಳು ಮೂರೇ ಉಳಿದು ಎಂಟನೆಯವನನ್ನು ತೆಗೆದರೆ ಡ್ಯೂಟಿ 42ರಲ್ಲೇ ಇರುತ್ತದೆ, ಭಾರ ಉಳಿದವರ ಮೇಲೆ ಬೀಳುತ್ತದೆ. ಜನ ಕಡಿಮೆ ಮಾಡಲೇಬೇಕಾದರೆ ಒಂದು ಪಾಯಿಂಟನ್ನು ಮುಚ್ಚುವುದು ಸರಿಯಾದ ದಾರಿ. ಎರಡು ಪಾಯಿಂಟಿಗೆ ವಾರಕ್ಕೆ 28 ಡ್ಯೂಟಿ. ಐದು ಜನರಿದ್ದರೆ ಆರಕ್ಕಿಂತ ಹೆಚ್ಚು ಯಾರಿಗೂ ಬೇಕಾಗುವುದಿಲ್ಲ.

ಪಾಳಿ ಬದಲಿಸುವ ಹೊತ್ತಿಗೂ ಇಲ್ಲಿ ಬೆಲೆಯಿದೆ. ಹಂಗಾಮಿನಲ್ಲಿ ಸಂಜೆ ಎಂಟರ ವೇಳೆ ಬಾಗಾ ರಸ್ತೆಯಲ್ಲಿ ವಾಹನ ಕದಲುವುದೇ ಕಷ್ಟ. ರಾತ್ರಿಯವನು ತಡವಾದಷ್ಟು ಹೊತ್ತು ಹಗಲಿನವನು ಕೂಲಿಯಿಲ್ಲದೆ ನಿಲ್ಲುತ್ತಾನೆ. ಬೆಳಿಗ್ಗೆ ಏಳು, ಸಂಜೆ ಏಳು ಎಂದು ಗೊತ್ತುಮಾಡಿ ಚಾರ್ಜ್ ಒಪ್ಪಿಸಿದ ಸಮಯವನ್ನು ಇಬ್ಬರ ಸಹಿಯೊಂದಿಗೆ ಪುಸ್ತಕದಲ್ಲಿ ದಾಖಲಿಸುವುದು ಮೇಲು.