ಒಪ್ಪಿಗೆಯ ಮೇಲಿನ ಮಾರಾಟ

ಗ್ರಾಹಕನು ನೋಡಿ ಮೆಚ್ಚಿದರೆ ಇಟ್ಟುಕೊಳ್ಳಬಹುದು, ಇಲ್ಲವಾದರೆ ಹಿಂತಿರುಗಿಸಬಹುದು ಎಂಬ ಷರತ್ತಿನ ಮೇಲೆ ಸರಕು ಕಳಿಸುವ ವ್ಯವಹಾರ. ಸರಕು ಅಂಗಡಿಯಿಂದ ಹೊರಟ ಮಾತ್ರಕ್ಕೆ ಮಾರಾಟವಾಗುವುದಿಲ್ಲ. ಒಡೆತನ ಮಾರುವವನಲ್ಲೇ ಉಳಿಯುತ್ತದೆ.

ಭಾರತದ ಸರಕು ಮಾರಾಟ ಕಾಯಿದೆ, 1930ರ 24ನೇ ಕಲಮಿನ ಪ್ರಕಾರ, ಗ್ರಾಹಕನು ಒಪ್ಪಿಗೆ ತಿಳಿಸಿದಾಗ ಅಥವಾ ಸರಕನ್ನು ತನ್ನದೆಂಬಂತೆ ಬಳಸಿದಾಗ, ಉದಾಹರಣೆಗೆ ಬೇರೊಬ್ಬರಿಗೆ ಮಾರಿದಾಗ, ಒಡೆತನ ವರ್ಗವಾಗುತ್ತದೆ. ನಿರಾಕರಣೆ ತಿಳಿಸದೆ ಗೊತ್ತುಪಡಿಸಿದ ಅವಧಿ ಮೀರಿ ಇಟ್ಟುಕೊಂಡರೂ ಹಾಗೆಯೇ. ಅವಧಿ ಗೊತ್ತುಪಡಿಸದಿದ್ದರೆ ಸಮಂಜಸವಾದಷ್ಟು ಕಾಲವನ್ನು ಅವಧಿಯೆಂದು ಪರಿಗಣಿಸಲಾಗುತ್ತದೆ. ಲೆಕ್ಕಪತ್ರದಲ್ಲಿ ಆದಾಯವನ್ನು ತೋರಿಸಬೇಕಾದದ್ದೂ ಆಗಲೇ.

ಉದಾಹರಣೆ: ವ್ಯಾಪಾರಿಯೊಬ್ಬ ತಲಾ ₹3,000 ಅಸಲಿನ 10 ಇಳಕಲ್ ಸೀರೆಗಳನ್ನು ತಲಾ ₹4,000 ಬೆಲೆಗೆ ಮಾರ್ಚ್ 20ರಂದು ಕಳಿಸುತ್ತಾನೆ, ಹಿಂತಿರುಗಿಸಲು 15 ದಿನಗಳ ಗಡುವು. ಮಾರ್ಚ್ 31ಕ್ಕೆ 6 ಸೀರೆ ಒಪ್ಪಿಗೆಯಾಗಿವೆ, 1 ಮರಳಿದೆ, 3ರ ತೀರ್ಮಾನವಾಗಿಲ್ಲ. ಆ ವರ್ಷದ ಆದಾಯ ₹24,000 ಮಾತ್ರ. ತೀರ್ಮಾನವಾಗದ ಮೂರನ್ನು ಅಸಲು ಬೆಲೆಯಲ್ಲಿ, ಅಂದರೆ ₹9,000ಕ್ಕೆ, ಗ್ರಾಹಕನ ಬಳಿಯಿರುವ ದಾಸ್ತಾನು ಎಂದು ತೋರಿಸಬೇಕು. ಗಡುವಿನೊಳಗೆ ಅವು ಮರಳದಿದ್ದರೆ, ನಿರಾಕರಣೆಯೂ ಬಾರದಿದ್ದರೆ, ₹12,000 ಹೊಸ ವರ್ಷದ ಆದಾಯವಾಗುತ್ತದೆ.

ಕಳಿಸಿದ ದಿನವೇ ಎಲ್ಲವನ್ನೂ ಮಾರಾಟವೆಂದು ಬರೆದಿದ್ದರೆ, ವರ್ಷಾಂತ್ಯದಲ್ಲಿ ಮರಳಿದ ಮತ್ತು ತೀರ್ಮಾನವಾಗದ ನಾಲ್ಕು ಸೀರೆಗಳ ₹16,000ವನ್ನು ಮಾರಾಟದಿಂದಲೂ ಗ್ರಾಹಕನ ಬಾಕಿಯಿಂದಲೂ ಕಳೆಯಬೇಕು. ಹಾಗೆ ಮಾಡದಿದ್ದರೆ ಇನ್ನೂ ಗಳಿಸದ ಲಾಭ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ.