ಪೈಪು ‘ಧಡ್’ ಅನ್ನೋದು ಯಾಕೆ? ಮಾಸ್ಕೋದಲ್ಲಿ ಸಿಕ್ಕ ಉತ್ತರ

ನಲ್ಲಿಯನ್ನ ಗಕ್ಕನೆ ನಿಲ್ಲಿಸಿದಾಗ ಗೋಡೆಯೊಳಗಿನ ಪೈಪು ‘ಧಡ್’ ಅಂತ ಸದ್ದು ಮಾಡುತ್ತಲ್ಲ, ಅದರ ಲೆಕ್ಕ ಗಟ್ಟಿಯಾಗಿದ್ದು 19ನೇ ಶತಮಾನದ ಕೊನೆಯಲ್ಲಿ, ಮಾಸ್ಕೋದಲ್ಲಿ.

ಅಲ್ಲಿನ ನೀರು ಸರಬರಾಜು ಪೈಪುಗಳು ಪದೇ ಪದೇ ಒಡೀತಿದ್ವು. ಕಾರಣ ಹುಡುಕೋ ಕೆಲಸ ನಿಕೊಲಾಯ್ ಜುಕೋವ್‌ಸ್ಕಿ ಅನ್ನೋ ಪ್ರೊಫೆಸರ್ ಕೈಗೆ ಬಂತು. ಮುಂದೆ ರಷ್ಯಾದ ವಿಮಾನ ವಿಜ್ಞಾನದ ಪಿತಾಮಹ ಅಂತ ಹೆಸರಾದವರು ಇವರೇ. 1897-98ರಲ್ಲಿ ಅಲೆಕ್ಸೆಯೆವ್‌ಸ್ಕಯಾ ಪಂಪಿಂಗ್ ಸ್ಟೇಷನ್ನಿನಲ್ಲಿ ಬೇರೆ ಬೇರೆ ಗಾತ್ರದ ಉದ್ದುದ್ದ ಪೈಪು ಹಾಕಿಸಿ, ವಾಲ್ವ್ ತಟ್ಟನೆ ಮುಚ್ಚಿ, ಒತ್ತಡ ಅಳೆದರು.

ಆಗಿದ್ದು ಇಷ್ಟು. ವಾಲ್ವ್ ಮುಚ್ಚಿದ ತಕ್ಷಣ ಅದರ ಪಕ್ಕದ ನೀರು ನಿಲ್ಲುತ್ತೆ. ಹಿಂದಿನ ನೀರಿಗೆ ಆ ಸುದ್ದಿ ಇನ್ನೂ ಮುಟ್ಟಿರಲ್ಲ, ಅದು ಬಂದು ಗುದ್ದುತ್ತೆ. ಹೀಗೆ ಒತ್ತಡದ ಅಲೆಯೊಂದು ಹಿಂದಕ್ಕೆ ಓಡುತ್ತೆ. ಕಬ್ಬಿಣದ ಪೈಪಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1200 ಮೀಟರ್ ಅಂತ ಇಟ್ಕೊಳ್ಳಿ.

ನೀರಿನ ಸಾಂದ್ರತೆ, ಅಲೆಯ ವೇಗ, ನೀರು ಕಳೆದುಕೊಂಡ ವೇಗ: ಈ ಮೂರನ್ನೂ ಗುಣಿಸಿದರೆ ಹೆಚ್ಚಾದ ಒತ್ತಡ ಸಿಗುತ್ತೆ. ಇದೇ ಜುಕೋವ್‌ಸ್ಕಿ ಸೂತ್ರ. ಸೆಕೆಂಡಿಗೆ ಬರೀ 1 ಮೀಟರ್ ಹರೀತಿದ್ದ ನೀರು ಒಮ್ಮೆಲೇ ನಿಂತರೆ ಸುಮಾರು 12 ಬಾರ್ ಏರುತ್ತೆ. ಅಂದ್ರೆ 120 ಮೀಟರ್, ಹೆಚ್ಚುಕಮ್ಮಿ 40 ಮಹಡಿ ಎತ್ತರದ ಟ್ಯಾಂಕಿನ ಒತ್ತಡ. ಅದೂ ಮೊದಲೇ ಇದ್ದ ಒತ್ತಡದ ಮೇಲೆ!

ಹಾಗಾದ್ರೆ ನಿಧಾನಕ್ಕೆ ಮುಚ್ಚಿದರಾಯ್ತು. ಆದರೆ ಎಷ್ಟು ನಿಧಾನ? ಅದನ್ನ ಹೇಳೋದು ಪೈಪಿನ ಉದ್ದ. 600 ಮೀಟರ್ ಪೈಪಿನಲ್ಲಿ ಅಲೆ ಆ ತುದಿಗೆ ಹೋಗಿ ವಾಪಸ್ ಬರೋಕೆ 1 ಸೆಕೆಂಡ್ ಬೇಕು. ಅಷ್ಟರೊಳಗೆ ಮುಚ್ಚಿದರೆ ಪೂರ್ತಿ ಏಟು ಬೀಳುತ್ತೆ. ನೀರು ಒಂದೇ ಸಮನೆ ಕಡಿಮೆಯಾಗೋ ಹಾಗೆ 5 ಸೆಕೆಂಡಿನಲ್ಲಿ ಮುಚ್ಚಿದರೆ ಏಟು ಸುಮಾರು ಐದನೇ ಒಂದು ಭಾಗಕ್ಕೆ, 2.4 ಬಾರ್‌ಗೆ ಇಳಿಯುತ್ತೆ. ಅದೇ 6 ಕಿಲೋಮೀಟರ್ ಪೈಪಾದರೆ ಅಲೆ ಹೋಗಿ ಬರೋಕೇ 10 ಸೆಕೆಂಡ್. ಅಲ್ಲಿ 5 ಸೆಕೆಂಡ್ ಅನ್ನೋದೂ ಗಕ್ಕನೆ ಮುಚ್ಚಿದ ಲೆಕ್ಕವೇ.

ಇನ್ನೊಂದು ವಿಷಯ. ಗೇಟ್ ವಾಲ್ವ್ ಮುಕ್ಕಾಲು ಮುಚ್ಚಿದರೂ ನೀರು ಅಷ್ಟೇನೂ ಕಡಿಮೆಯಾಗಿರಲ್ಲ. ನಿಜವಾಗಿ ನೀರು ನಿಲ್ಲೋದು ಕೊನೆಯ ಕೆಲವು ಸುತ್ತಿನಲ್ಲಿ. ಅಲ್ಲೇ ಕೈ ನಿಧಾನ ಆಗಬೇಕು.

ನಿಧಾನ ಮಾಡೋಕೆ ಆಗದ ಕಡೆ ವಾಲ್ವ್ ಹತ್ತಿರ ಗಾಳಿ ತುಂಬಿದ ಡಬ್ಬಿ ಇಡ್ತಾರೆ. ನುಗ್ಗಿ ಬರೋ ನೀರು ಗಾಳಿಯನ್ನ ಅದುಮುತ್ತೆ, ಏಟು ಮೆತ್ತಗಾಗುತ್ತೆ. ಆದರೆ ವರ್ಷ ಕಳೆದ ಹಾಗೆ ಆ ಗಾಳಿ ನೀರಿನಲ್ಲಿ ಕರಗಿ ಡಬ್ಬಿ ತುಂಬ ನೀರಾಗುತ್ತೆ. ಅಡಗಿದ್ದ ‘ಧಡ್’ ಮತ್ತೆ ಕೇಳಿಸಿತು ಅಂದ್ರೆ, ಮೊದಲು ನೋಡಬೇಕಾದ್ದು ಆ ಡಬ್ಬಿಯನ್ನೇ.